ಬಾಕಿಯವರಿಗೊಂದು ಸಾಲು

ನಮ್ಮ ಟ್ಯೂಷನ್ ಸೆಂಟರು ಹಾಸಿಗೆ ಅಂಗಡಿಯ ಮೇಲಿದೆ. ಕೆಳಗೆ ಹತ್ತಿ ಬಿಡಿಸುವ ಯಂತ್ರ ಓಡುತ್ತಿದ್ದರೆ ಮಧ್ಯಾಹ್ನದ ಹೊತ್ತು ಹತ್ತಿಯ ಎಳೆಗಳು ಮೆಟ್ಟಿಲ ಕಡೆಯಿಂದ ತೇಲಿಕೊಂಡು ಬಂದು ನನ್ನ ಮೇಜಿನ ಮೇಲೆ, ಕಂಪ್ಯೂಟರಿನ ಮೇಲೆ, ನನ್ನ ತಲೆಯ ಮೇಲೆ ಕೂರುತ್ತವೆ. ಮಕ್ಕಳು ಬರುವುದು ಶಾಲೆ ಬಿಟ್ಟ ಮೇಲೆ. ಅಲ್ಲಿಯವರೆಗೆ ಇಡೀ ಮಹಡಿಗೆ ನಾನೊಬ್ಬಳೇ. ಫ್ಯಾನು ತಿರುಗುತ್ತದೆ, ಅದರ ಜೊತೆ ಹತ್ತಿ ತಿರುಗುತ್ತದೆ, ಖಾಲಿ ಬೆಂಚುಗಳ ಮೇಲೆ ಬಿಸಿಲು ಒಂದೊಂದೇ ಜಾಗ ಬದಲಾಯಿಸುತ್ತಾ ಹೋಗುತ್ತದೆ. ಇಂಥಲ್ಲಿ ಕೂರಿಸಿ ಫೀಸು ಬಾಕಿಯ ವರದಿ ಮಾಡು ಎಂದರೆ ಬೇರೆ ಯಾರಿಗಾದರೂ ನಿದ್ದೆ ಬಂದೀತು. ನನಗೆ ಸಿಟ್ಟು ಬರುತ್ತದೆ.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಮಕ್ಕಳು ನನ್ನನ್ನು ಆಫೀಸ್ ಅಕ್ಕ ಎಂದು ಕರೆಯುತ್ತಾರೆ. ಬೆನ್ನ ಹಿಂದೆ ಏನೆಂದು ಕರೆಯುತ್ತಾರೆಂಬುದೂ ಗೊತ್ತು, ಅದು ಇಲ್ಲಿ ಬೇಡ. ತಿಂಗಳ ಮೊದಲ ವಾರ ಕಳೆಯಿತೆಂದರೆ ನನ್ನ ಕೆಲಸ ಶುರು. ಬ್ಯಾಂಕಿಗೆ ಬಂದ ಹಣವನ್ನು ಕೊಟ್ಟ ರಸೀದಿಗಳ ಜೊತೆ ಹೊಂದಿಸಬೇಕು. ಇದನ್ನು ಮಾಡದೆ ಬಾಕಿ ಕೇಳಲು ಹೊರಟರೆ ನಿನ್ನೆ ಕಟ್ಟಿದವರಿಗೇ ಇವತ್ತು ನೆನಪೋಲೆ ಹೋಗಿ ಮರ್ಯಾದೆ ಮೂರು ಕಾಸಾಗುತ್ತದೆ. ಆಮೇಲೆ ವರದಿ: ಮಗುವಿನ ಪ್ರವೇಶ ಸಂಖ್ಯೆ, ಬ್ಯಾಚು, ಒಟ್ಟು ಫೀಸು, ಕಟ್ಟಿದ್ದು, ಉಳಿದದ್ದು, ಗಡುವು ದಾಟಿ ಎಷ್ಟು ದಿನವಾಯಿತು, ಕೊನೆಯ ಸಲ ನೆನಪಿಸಿದ್ದು ಯಾವಾಗ. ಅದಾದ ಮೇಲೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಸಂದೇಶ. ತರಗತಿಯ ಗ್ರೂಪಿನಲ್ಲಿ ಹಾಕುವಂತಿಲ್ಲ, ಮಗುವಿನ ಬಾಯಲ್ಲಿ ಹೇಳಿ ಕಳಿಸುವಂತಿಲ್ಲ. ಎರಡು ಸಲ ಬರಹದಲ್ಲಿ ಕೇಳಿ, ಮೂರನೆಯ ಸಲ ಫೋನು ಮಾಡಿ ಕೇಳಬೇಕು. ಇಷ್ಟೂ ಮೇಷ್ಟ್ರ ಕಟ್ಟಳೆ.

ಮೇಷ್ಟ್ರೆಂದರೆ ಈ ಸೆಂಟರು ಶುರು ಮಾಡಿದವರು, ಗಣಿತದವರು. ಅವರದ್ದು ಇನ್ನೂ ಒಂದು ಕಟ್ಟಳೆ ಇತ್ತು, ನನ್ನ ಪ್ರಾಣ ತಿನ್ನುತ್ತಿದ್ದದ್ದು ಅದೇ. ಬಾಕಿ ಕೇಳುವ ಮುಂಚೆ ಆ ಮಗುವಿನ ಬಗ್ಗೆ ಒಂದು ಸಾಲು ಬರೆಯಬೇಕು.

"ದುಡ್ಡು ಬೇಕಾದಾಗ ಮಾತ್ರ ನಾವು ನೆನಪಾಗ್ತೀವಿ ಇವ್ರಿಗೆ ಅಂತ ಯಾವ ತಾಯಿ ತಂದೆಗೂ ಅನ್ನಿಸಬಾರ್ದು ಕಣಮ್ಮ" ಎನ್ನುತ್ತಿದ್ದರು.

"ಹಾಗಾದ್ರೆ ಸರಿಯಾಗಿ ಕಟ್ಟೋರಿಗೆ ಏನಿಲ್ವಾ ಮೇಷ್ಟ್ರೇ? ಅವ್ರಿಗೆ ಬರೀ ರಸೀದಿ, ಬಾಕಿ ಇಟ್ಟೋರಿಗೆ ಕವಿತೆ!"

ಅವರು ನಕ್ಕು ಸೀಮೆಸುಣ್ಣದ ಕೈಯನ್ನು ಪಂಚೆಗೆ ಒರೆಸಿಕೊಂಡು ತರಗತಿಗೆ ಹೋಗುತ್ತಿದ್ದರು. ನಾನು ಗೊಣಗುತ್ತಲೇ ಬರೆಯುತ್ತಿದ್ದೆ. ನನ್ನ ಮೇಜಿನಿಂದ ಎರಡೂ ತರಗತಿಗಳ ಬಾಗಿಲು ಕಾಣುತ್ತದೆ. ಸಂಜೆ ದೀಪ ಹಾಕಿದ ಮೇಲೆ ಮಕ್ಕಳ ಓದಿನ ಗುಂಯ್‌ಗುಟ್ಟುವಿಕೆ, ಕೆಳಗಿನ ಯಂತ್ರದ ಸದ್ದು ಎರಡೂ ಸೇರಿ ಮಹಡಿಯೇ ನಿಧಾನವಾಗಿ ಎಲ್ಲಿಗೋ ಹೊರಟಂತೆ ಅನ್ನಿಸುತ್ತದೆ. ಆ ಹೊತ್ತಿನಲ್ಲಿ ಮಕ್ಕಳ ಮುಖ ನೋಡುತ್ತಾ ಕೂತರೆ ಸಾಲುಗಳು ತಾವಾಗಿಯೇ ಬರುತ್ತವೆ. 'ನಿಮ್ಮ ಮಗ ಉತ್ತರ ಗೊತ್ತಿದ್ದರೂ ಪಕ್ಕದವನು ಹೇಳಲಿ ಎಂದು ಕಾಯುತ್ತಾನೆ.' 'ನಿಮ್ಮ ಮಗಳು ಇವತ್ತು ಜೋರಾಗಿ ನಕ್ಕಿದ್ದಕ್ಕೆ ಇಡೀ ತರಗತಿ ನಕ್ಕಿತು.' ಕೆಳಗೆ, ಇಂತಿಷ್ಟು ಬಾಕಿ ಇದೆ, ಅನುಕೂಲವಾದಾಗ ದಯವಿಟ್ಟು ಕಟ್ಟಿ, ಈಗಾಗಲೇ ಕಟ್ಟಿದ್ದರೆ ಈ ಸಂದೇಶವನ್ನು ಗಮನಿಸಬೇಡಿ. ಸಿಟ್ಟಿನವಳಾದರೂ ಬರವಣಿಗೆಯಲ್ಲಿ ನಾನು ಬೆಣ್ಣೆ.

ಆ ವರದಿಯಲ್ಲಿ ಪ್ರತಿ ಕಂತಿಗೂ ತಪ್ಪದೆ ಕೂರುತ್ತಿದ್ದ ಹೆಸರು ಕಡ್ಡಿಯದು. ಏಳನೇ ಕ್ಲಾಸಿನ ಹುಡುಗಿ, ಸಣಕಲಿ, ಅದಕ್ಕೇ ಆ ಅಡ್ಡಹೆಸರು. ಅಪ್ಪ ಅಮ್ಮ ಬೇರೆಯಾಗಿದ್ದಾರೆ. ಇವಳು ಅಪ್ಪ ಮತ್ತು ಅಜ್ಜಿಯ ಜೊತೆ ಇಲ್ಲೇ ಪಕ್ಕದ ರಸ್ತೆಯಲ್ಲಿ. ಅಮ್ಮ ದೂರದ ಊರಿನಲ್ಲಿ, ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರು. ಟ್ಯೂಷನ್ನಿನ ಖರ್ಚು ಅಮ್ಮನದು ಎಂದು ಅವರವರಲ್ಲೇ ಒಪ್ಪಂದವಾಗಿತ್ತು. ಹೀಗಾಗಿ ಪ್ರವೇಶದ ಅರ್ಜಿಯಲ್ಲಿ ಫೀಸು ಕಟ್ಟುವವರ ಜಾಗದಲ್ಲಿ ಅಮ್ಮನ ನಂಬರು, ತುರ್ತಿಗೆ ಅಪ್ಪನ ನಂಬರು.

ಆ ಅಮ್ಮ ಒಂದು ಸಲವೂ ಗಡುವಿಗೆ ಕಟ್ಟಿದವರಲ್ಲ. ಮೊದಲ ನೆನಪೋಲೆಗೆ, 'ಓದಿದೆ, ಧನ್ಯವಾದ' ಎಂಬ ಉತ್ತರ. ಎರಡನೆಯದಕ್ಕೂ ಅದೇ. ಮೂರನೆಯದಕ್ಕೆ ನಾನು ಫೋನು ಎತ್ತಿಕೊಳ್ಳುವಷ್ಟರಲ್ಲಿ ಪೂರ್ತಿ ಹಣ ಬಂದು ಬೀಳುತ್ತಿತ್ತು. ದುಡ್ಡಿಲ್ಲದವರ ಕಷ್ಟ ನನಗೆ ಗೊತ್ತು, ಅವರು ಚೂರು ಚೂರೇ ಕಟ್ಟುತ್ತಾರೆ, ಎರಡು ದಿನ ತಡೀರಿ ಅನ್ನುತ್ತಾರೆ. ಇವರದ್ದು ಆ ಥರ ಅಲ್ಲ. ಇದ್ದೂ ಸತಾಯಿಸುವ ಜಾತಿ ಎಂದು ನಾನು ತೀರ್ಮಾನ ಮಾಡಿ ಇಟ್ಟಿದ್ದೆ. ಹೊಟ್ಟೆ ಉರಿದುಕೊಂಡೇ ಕಡ್ಡಿಯ ಬಗ್ಗೆ ಸಾಲು ಬರೆಯುತ್ತಿದ್ದೆ, ಅದೂ ಚೆನ್ನಾಗಿಯೇ.

ಈ ವರ್ಷ ಮೇಷ್ಟ್ರಿಗೆ ಮಂಡಿ ನೋವು ಜಾಸ್ತಿಯಾಗಿ, ಲೆಕ್ಕಪತ್ರವೆಲ್ಲ ಸೊಸೆಯ ಕೈಗೆ ಬಂತು. ಅವಳನ್ನು ನಾವು ಸಣ್ಣ ಮೇಡಂ ಅನ್ನುತ್ತೇವೆ. ಚುರುಕು ಹೆಣ್ಣು, ಕೆಟ್ಟವಳಲ್ಲ, ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡವಳು. ಬಂದ ತಿಂಗಳೇ ಒಂದು ಆ್ಯಪ್ ಹಾಕಿಸಿದಳು.

"ಅಕ್ಕಾ, ಇನ್ಮೇಲೆ ನೀವು ಕೂತ್ಕೊಂಡು ಒಂದೊಂದೇ ಟೈಪ್ ಮಾಡೋ ಕರ್ಮ ಬೇಡ. ನಿಮ್ಮ ವರದಿನ ಇದಕ್ಕೆ ಹಾಕಿಬಿಡಿ. ಗಡುವು ದಾಟಿದ ತಕ್ಷಣ ತಾನೇ ಮೆಸೇಜ್ ಕಳಿಸುತ್ತೆ. ಕಟ್ಟಿದ್ರೆ ತಾನೇ ರಸೀದಿ ಕಳಿಸುತ್ತೆ."

"ಮೇಷ್ಟ್ರ ಆ ಒಂದು ಸಾಲು?"

"ಮಾವ ಹೇಳೋದು ಹಳೇ ಕಾಲಕ್ಕೆ ಸರಿ. ಈಗ ಯಾರಿಗೆ ಅದನ್ನೆಲ್ಲ ಓದೋಕೆ ಪುರಸೊತ್ತಿದೆ ಹೇಳಿ?"

ಒಳಗೊಳಗೇ ನನಗೂ ಖುಷಿಯಾಯಿತು. ಮಧ್ಯಾಹ್ನವಿಡೀ ಕೂತು ವರದಿಯನ್ನು ಆ ಆ್ಯಪ್‌ಗೆ ಏರಿಸಿದೆ. ಬಿಸಿಲು ಬೆಂಚಿನಿಂದ ಗೋಡೆಗೆ, ಗೋಡೆಯಿಂದ ಸೂರಿಗೆ ಹತ್ತಿತು. ಹತ್ತಿಯೊಂದು ಎಳೆ ಪರದೆಯ ಮೇಲೆ ಕೂತು ನಾನು ಉಸಿರು ಬಿಟ್ಟಾಗಲೆಲ್ಲ ಮಿಸುಕುತ್ತಿತ್ತು. ಗುಂಡಿ ಒತ್ತಿದೆ. ಬಾಕಿ ಇದ್ದವರಿಗೆಲ್ಲ ಒಂದೇ ಏಟಿಗೆ ಸಂದೇಶ ಹೊರಟುಹೋಯಿತು. ಮನೆಮನೆಗಳಲ್ಲಿ, ಅಂಗಡಿಗಳಲ್ಲಿ, ಬಸ್ಸುಗಳಲ್ಲಿ ಫೋನುಗಳು ಒಟ್ಟಿಗೆ ಟಿಂಗ್ ಅಂದದ್ದು ನನಗಿಲ್ಲಿ ಕೇಳಿಸಿದ ಹಾಗೆ ಆಯಿತು. ಎದ್ದು ಚಹಾ ಮಾಡಿಕೊಂಡು ಕಿಟಕಿಯ ಪಕ್ಕ ನಿಂತು ಕುಡಿದೆ. ಅಷ್ಟು ನಿರಾಳವಾಗಿ ನಾನು ಚಹಾ ಕುಡಿದು ವರ್ಷಗಳಾಗಿದ್ದವು.

ಮಾರನೆಯ ಸಂಜೆ ಮಕ್ಕಳು ತರಗತಿ ಸೇರಿದ ಮೇಲೆ ಕಡ್ಡಿಯ ಅಪ್ಪ ಬಂದರು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವ ಕೆಲಸ ಅವರದು. ಮಾತು ಕಮ್ಮಿ, ಯಾವಾಗಲೂ ದಣಿದ ಮುಖ. ಅವತ್ತು ಆ ಮುಖ ಕೆಂಪಾಗಿತ್ತು. ಫೋನು ತೆಗೆದು ನನ್ನ ಮುಂದೆ ಹಿಡಿದರು.

'ಎರಡು ಕಂತು ಬಾಕಿ. ಗಡುವು ಮೀರಿದೆ. ಕೂಡಲೇ ಪಾವತಿಸಿ.'

ಕೂಡಲೇ ಗೊತ್ತಾಯಿತು ಆಗಿದ್ದೇನೆಂದು. ನನ್ನ ವರದಿಯಲ್ಲಿ ನಾನು ಮೊದಲಿನಿಂದಲೂ ಫೋನಿನ ಕಾಲಮ್ಮಿನಲ್ಲಿ ಅಮ್ಮನ ನಂಬರು, ಒಂದು ಕಾಮಾ, ಅಪ್ಪನ ನಂಬರು ಎಂದು ಒಟ್ಟಿಗೇ ಬರೆದಿಡುತ್ತಿದ್ದೆ. ಯಾರಿಗೆ ಬಾಕಿ ಕೇಳಬೇಕು, ಯಾರಿಗೆ ಮಗು ಬಿದ್ದರೆ ಮಾತ್ರ ಹೇಳಬೇಕು ಎಂಬುದು ನನ್ನ ತಲೆಯಲ್ಲಿತ್ತು. ಆ್ಯಪ್‌ಗೆ ನನ್ನ ತಲೆ ಎಲ್ಲಿಂದ ಸಿಗಬೇಕು? ಅದು ಕಾಮಾ ಕಂಡಲ್ಲೆಲ್ಲ ಇಬ್ಬರಿಗೂ ಕಳಿಸಿತ್ತು.

"ಎರಡು ಕಂತು! ಅವ್ಳು ಕಟ್ಟೋದೇ ಇದೊಂದು, ಅದನ್ನೂ ಕಟ್ಟಿಲ್ಲ" ಎಂದರು. "ಮಗಳ ನೆನಪಿದ್ರೆ ತಾನೇ. ತಗೊಳ್ಳಿ, ಪೂರ್ತಿ ತಂದಿದೀನಿ. ಇನ್ಮೇಲೆ ನಾನೇ ಕಟ್ತೀನಿ. ಅವ್ಳ ನಂಬರ್ ಅಳಿಸಿ ಹಾಕಿ, ಇಲ್ಲಿಗೂ ಅವ್ಳಿಗೂ ಸಂಬಂಧ ಬೇಡ."

ನೋಟುಗಳನ್ನು ಮೇಜಿನ ಮೇಲಿಟ್ಟರು. ಎಣಿಸಿಕೊಂಡು ರಸೀದಿ ಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆವತ್ತು ಬ್ಯಾಂಕಿಗೆ ಬಂದದ್ದನ್ನು ಹೊಂದಿಸದೆ ನಾನು ನಗದು ಮುಟ್ಟುವವಳಲ್ಲ, ಒಂದೇ ಬಾಕಿಗೆ ಇಬ್ಬರು ಕಟ್ಟಿದರೆ ಆಮೇಲೆ ಹಿಂದಿರುಗಿಸುವ ತಾಪತ್ರಯ ನನ್ನದೇ. ಜೊತೆಗೆ ಮೂರನೆಯ ಫೋನೂ ಬಾಕಿ ಇತ್ತು. ಅದಕ್ಕಿಂತ ಹೆಚ್ಚಾಗಿ, ಆ ಹೆಂಗಸಿನ ಮೇಲೆ ಇಷ್ಟು ದಿನ ಕೂಡಿಟ್ಟ ಸಿಟ್ಟಿತ್ತು.

"ಐದು ನಿಮಿಷ ಕೂತ್ಕೊಳ್ಳಿ ಸರ್. ಲೆಕ್ಕ ಹೊಂದಿಸಿ ಬರ್ತೀನಿ" ಎಂದು ಫೋನು ಹಿಡಿದು ಮೆಟ್ಟಿಲಿಗೆ ಬಂದೆ.

ಕಡ್ಡಿಯ ಅಮ್ಮ ಮೊದಲ ರಿಂಗಿಗೇ ಎತ್ತಿದರು. ಹಿಂದೆ ನೂರಾರು ಹೊಲಿಗೆ ಯಂತ್ರಗಳ ಸದ್ದು.

"ಅಮ್ಮಾ ತಾಯಿ" ಎಂದೆ, ಬೆಣ್ಣೆಯನ್ನೆಲ್ಲ ಬದಿಗಿಟ್ಟು. "ನಿಮ್ಮ ಮಗಳ ಅಪ್ಪ ದುಡ್ಡು ತಂದು ಮೇಜಿನ ಮೇಲೆ ಇಟ್ಟಿದಾರೆ. ನಿಮ್ಮ ಹೆಸರೇ ತೆಗೆದುಹಾಕಿ ಅಂತಿದಾರೆ. ಇದ್ದೂ ಯಾಕಮ್ಮ ಹೀಗೆ ಸತಾಯಿಸ್ತೀರಾ? ಪ್ರತಿ ಸಲ ಇದೇ ಆಯ್ತಲ್ಲ!"

ಅವರು ಯಂತ್ರಗಳಿಂದ ದೂರ ನಡೆದುಹೋದದ್ದು ಸದ್ದಿನಲ್ಲೇ ತಿಳಿಯಿತು.

"ದುಡ್ಡು ಸಂಬಳದ ದಿನಾನೇ ತೆಗೆದಿಟ್ಟಿರ್ತೀನಿ ಮೇಡಂ" ಎಂದರು. "ಹೋದ ವರ್ಷ ಮೊದಲ್ನೇ ಕಂತು ಮಾತ್ರ ನಿಜವಾಗ್ಲೂ ಮರೆತಿದ್ದೆ. ಆವಾಗ ನಿಮ್ಮ ಮೆಸೇಜು ಬಂತು. 'ನಿಮ್ಮ ಮಗಳು ಲೆಕ್ಕ ಮಾಡುವಾಗ ಕಾಲ್ಬೆರಳಿನ ಮೇಲೆ ನಿಲ್ಲುತ್ತಾಳೆ' ಅಂತ ಬರೆದಿದ್ರಿ. ಭಾನುವಾರ ಫೋನ್ ಮಾಡಿದ್ರೆ ಅವ್ಳು ನನ್ ಹತ್ರ 'ಚೆನ್ನಾಗಿದೀನಿ' ಅಂತಷ್ಟೇ ಅಂತಾಳೆ. ಇನ್ನೇನೂ ಇಲ್ಲ. ತಕ್ಷಣ ಕಟ್ದೆ. ಕಟ್ಟಿದ್ಮೇಲೆ ಬರೀ ರಸೀದಿ ಬಂತು. ಅದ್ರಲ್ಲಿ ಅವ್ಳು ಇರ್ಲಿಲ್ಲ."

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ಕಟ್ದೇ ಇದ್ರೆ ಒಂದು ಸಾಲು ಬರುತ್ತೆ, ಇನ್ನೊಂದು ಸ್ವಲ್ಪ ತಡೆದ್ರೆ ಇನ್ನೊಂದು ಬರುತ್ತೆ. ಅದಕ್ಕೇ... ತಪ್ಪು ಅಂತ ಗೊತ್ತು ಮೇಡಂ. ಈ ಸಲ ಎರಡು ಕಂತು ನಿಲ್ಲಿಸ್ದೆ, ಆಸೆ ಜಾಸ್ತಿ ಆಯ್ತು. ನಿನ್ನೆ ಬಂದಿದ್ರಲ್ಲಿ ಏನೂ ಇರ್ಲಿಲ್ಲ. ಹುಷಾರಿಲ್ವೇನೋ, ಟ್ಯೂಷನ್ನಿಗೇ ಬರ್ತಿಲ್ವೇನೋ ಅಂತ ನಿನ್ನೆಯಿಂದ ಊಟ ಸೇರಿಲ್ಲ. ಬಂದಿದಾಳಾ ಇವತ್ತು?"

ಎದ್ದು ಬಾಗಿಲಿನಿಂದ ಇಣುಕಿದೆ. ಕಡ್ಡಿ ಬೋರ್ಡಿನ ಮುಂದೆ ಕಾಲ್ಬೆರಳಿನ ಮೇಲೆ ನಿಂತು ಭಿನ್ನರಾಶಿ ಬಿಡಿಸುತ್ತಿದ್ದಳು. ನನಗೆ ನಾಚಿಕೆಯಾಯಿತು. ಮೇಷ್ಟ್ರ ಮೇಲೆ, ನನ್ನ ಮೇಲೆ, ಬಾಕಿ ಇಟ್ಟವರಿಗೆ ಮಾತ್ರ ಮಗುವಿನ ಸುದ್ದಿ ಕೊಡುವ ಈ ನಮ್ಮ ಸಭ್ಯತೆಯ ಮೇಲೆ ಸಿಟ್ಟೂ ಬಂತು.

"ಬಂದಿದಾಳೆ. ಚೆನ್ನಾಗಿದಾಳೆ. ನೀವು ಮೊದ್ಲು ದುಡ್ಡು ಕಳಿಸಿ, ಈಗಲೇ. ಅವ್ರು ಕಟ್ಟಿಬಿಟ್ರೆ ನಾನೇನೂ ಮಾಡೋಕಾಗಲ್ಲ" ಎಂದೆ.

ಒಳಗೆ ಬಂದು ಕೂತೆ. ಅಪ್ಪ ಗೋಡೆ ನೋಡುತ್ತಿದ್ದರು. ನಾನು ಪರದೆ ನೋಡುತ್ತಿದ್ದೆ. ಹತ್ತಿಯ ಎಳೆಯೊಂದು ನಮ್ಮಿಬ್ಬರ ನಡುವೆ ಇಳಿಯಲೋ ಬೇಡವೋ ಎಂದು ತೇಲುತ್ತಾ ಇತ್ತು. ಮುಟ್ಟದೆ ಬಿಟ್ಟ ನೋಟುಗಳು ಫ್ಯಾನಿನ ಗಾಳಿಗೆ ಅಲುಗಾಡುತ್ತಿದ್ದವು. ಒಳಗಿನಿಂದ ಮಕ್ಕಳೆಲ್ಲ ಒಟ್ಟಿಗೆ ಏನನ್ನೋ ಹೇಳಿ ನಿಲ್ಲಿಸಿದರು. ಎಷ್ಟು ಹೊತ್ತು ಹಾಗೆ ಕೂತೆವೋ ತಿಳಿಯದು. ಪರದೆಯಲ್ಲಿ ಕಡ್ಡಿಯ ಸಾಲು ಕೆಂಪಿನಿಂದ ಹಸಿರಾಯಿತು. ಉಳಿದದ್ದು, ಸೊನ್ನೆ.

"ಬಾಕಿ ಇಲ್ಲ ಸರ್" ಎಂದು ಪರದೆಯನ್ನು ಅವರ ಕಡೆ ತಿರುಗಿಸಿದೆ. "ಅವ್ರಮ್ಮ ಕಟ್ಟಿದಾರೆ."

"ಈಗ ಕಟ್ಟಿದ್ಲಾ?"

"ಈಗ್ಲೇ."

"ನೀವು ಫೋನ್ ಮಾಡಿದ್ರಿ."

"ಮೂರನೇ ಸಲ ಫೋನ್ ಮಾಡೋದು ನಮ್ಮಲ್ಲಿ ಪದ್ಧತಿ ಸರ್. ನಿಮಗೆ ಮೆಸೇಜ್ ಬಂದಿದ್ದು ನನ್ನಿಂದಾದ ತಪ್ಪು. ನೀವು ಫೀಸು ಕಟ್ಟೋರಲ್ಲ, ನಿಮಗೆ ಬರಬಾರ್ದಿತ್ತು. ಕ್ಷಮಿಸಿ."

ಅವರು ನೋಟುಗಳನ್ನು ಒಟ್ಟುಮಾಡಿ ಜೇಬಿಗಿಟ್ಟುಕೊಂಡರು. ಏಳುವಾಗ ಮಂಡಿಗಳ ಮೇಲೆ ಕೈಯೂರಿದರು.

"ನನಗೆ ಅವ್ಳ ಮೇಲೆ ಹಗೆ ಇಲ್ಲ. ಮಗು ಮುಂದೆ ಯಾರಾದ್ರೂ ಫೀಸ್ ಕಟ್ಟಿಲ್ಲ ಅಂದ್ರೆ? ಅದು ನನಗೆ ತಡೆಯಕ್ಕಾಗಲ್ಲ. ಮುಂದಿನ ಕಂತು ಒಂದು ದಿನ ತಡ ಆದ್ರೂ ನಾನೇ ಬಂದು ಕಟ್ತೀನಿ. ಆಮೇಲೆ ಅವ್ಳ ನಂಬರ್ ಇರಬಾರ್ದು."

"ಸರಿ ಸರ್" ಎಂದೆ. ಸರಿಯಾದ ಮಾತೇ.

ಅವರು ಹೋದ ಮೇಲೆ ತಲೆ ಹಿಡಿದುಕೊಂಡು ಕೂತೆ. ಆ ತಾಯಿ ಇನ್ನು ಮೇಲೆ ಗಡುವಿಗೆ ಮುಂಚೆಯೇ ಕಟ್ಟುತ್ತಾಳೆ. ಕಟ್ಟಿದರೆ ನೆನಪೋಲೆ ಇಲ್ಲ. ಇದ್ದರೂ ಅದರಲ್ಲಿ ಸಾಲಿಲ್ಲ. ಮಗಳನ್ನು ಉಳಿಸಿಕೊಳ್ಳಲು ಕಟ್ಟಬೇಕು, ಕಟ್ಟಿದರೆ ಮಗಳ ಸುದ್ದಿ ಇಲ್ಲ. ಎಂಥ ಅನ್ಯಾಯ ಇದು! ಸಣ್ಣ ಮೇಡಂಗೆ ಫೋನು ಹಚ್ಚಿ ಆದದ್ದೆಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ದನಿ ಏರಿತು.

"ಬಾಕಿ ಇರೋರಿಗೆ ಬೇಡ ಅಂದ್ರಿ, ಬಿಡಿ. ಕಟ್ಟಿದೋರಿಗಾದ್ರೂ ಬರೀಬಹುದಲ್ಲ? ರಸೀದಿಗೆ ಬರೀತೀನಿ ನಾನು. ಟೈಪ್ ಮಾಡಿ ಸಾಯೋಳು ನಾನು ತಾನೇ, ನಿಮ್ಮದೇನು ಹೋಗುತ್ತೆ?"

ಬೈಯುತ್ತಾಳೆ ಅಂದುಕೊಂಡೆ.

"ರಸೀದಿ ಕೆಳಗೆ 'ಷರಾ' ಅಂತ ಒಂದು ಖಾಲಿ ಜಾಗ ಇದೆ ಅಕ್ಕ" ಎಂದಳು. "ಅದೇನಕ್ಕೆ ಅಂತ ನನಗೂ ಗೊತ್ತಿರ್ಲಿಲ್ಲ. ಬರೀರಿ."

ಆ್ಯಪ್ ಆ ದಿನದ ರಸೀದಿಗಳನ್ನು ತಾನಾಗಿ ಕಳಿಸುವುದು ರಾತ್ರಿ. ಅದನ್ನು ನಿಲ್ಲಿಸಿ, ಕಡ್ಡಿಯದನ್ನು ತೆರೆದಿಟ್ಟುಕೊಂಡೆ. ಷರಾ ಎದುರಿನ ಖಾಲಿ ಜಾಗದಲ್ಲಿ ಗೆರೆಯೊಂದು ಮಿನುಗುತ್ತಾ ಕಾಯುತ್ತಿತ್ತು. ಬೇರೆ ದಿನ ತಾನಾಗಿ ಬರುತ್ತಿದ್ದ ಸಾಲು ಅವತ್ತು ಬರಲಿಲ್ಲ. ಏನು ಬರೆದರೂ ನನ್ನದೇ ಜಾಣತನ ಅನ್ನಿಸುತ್ತಿತ್ತು.

ತರಗತಿ ಬಿಟ್ಟಿತು. ಮಕ್ಕಳು ಮೆಟ್ಟಿಲಿಳಿದು ಹತ್ತಿಯ ಮಬ್ಬಿನೊಳಗೆ ಒಬ್ಬೊಬ್ಬರೇ ಕರಗಿದರು. ಕಡ್ಡಿ ಮಾತ್ರ ಮೇಜಿನ ಹತ್ತಿರ ನಿಂತಳು.

"ಅಪ್ಪ ಬಂದಿದ್ರಲ್ಲ ಅಕ್ಕ. ಬೈದ್ರಾ?"

"ಇಲ್ಲ ಪುಟ್ಟಿ. ನಿಮ್ಮಮ್ಮ ಫೀಸ್ ಕಟ್ಟಿದಾರೆ. ರಸೀದಿ ಕಳಿಸ್ತಿದೀನಿ. ಇಲ್ನೋಡು, ನಿನ್ನ ಬಗ್ಗೆ ಒಂದು ಸಾಲು ಬರೀಬೇಕು. ನನಗೆ ಹೊಳೀತಿಲ್ಲ. ಏನು ಬರೀಲಿ ಹೇಳು."

ಅವಳು ಪರದೆಯನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಕೆಳಗೆ ಯಂತ್ರ ನಿಂತಿತು. ಅದು ನಿಂತಾಗಲೇ ನಮ್ಮ ಮಹಡಿ ಎಷ್ಟು ನಿಶ್ಶಬ್ದ ಎಂದು ಗೊತ್ತಾಗುವುದು.

"ಜಡೆ ನಾನೇ ಹಾಕ್ಕೋತೀನಿ ಅಂತ ಬರೀರಿ" ಎಂದಳು.

ಬರೆದೆ. ಅವಳು ಹೊರಟು ಬಾಗಿಲ ತನಕ ಹೋದವಳು ತಿರುಗಿ ನಿಂತಳು.

"ಸರಿಯಾಗಿ ಬರಲ್ಲ ಅಂತಾನೂ ಬರೀರಿ."

ಅದನ್ನೂ ಬರೆದು ಕಳಿಸಿದೆ. ಅವಳು ಹೋಗಲಿಲ್ಲ, ಚೀಲದ ಪಟ್ಟಿ ಹಿಡಿದುಕೊಂಡು ಅಲ್ಲೇ ಬೆಂಚಿನ ಮೇಲೆ ಕೂತಳು. ನಾನು ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಂದೆ. ಕೊನೆಯ ಕಿಟಕಿಯ ಹತ್ತಿರ ಇದ್ದಾಗ ಕಂಪ್ಯೂಟರು ಟಿಂಗ್ ಎಂದಿತು. ಕಡ್ಡಿಯ ಹೆಸರಿಗೆ ಹಣ ಬಂದಿತ್ತು, ಮುಂದಿನ ಕಂತಿನದು, ಪೂರ್ತಿಯಲ್ಲ, ಅದರಲ್ಲಿ ಒಂದು ಚೂರು. ಗಡುವು ಇನ್ನೂ ಎಷ್ಟೋ ದೂರವಿತ್ತು. ಹಣ ಕಳಿಸುವವರು ಸಾಮಾನ್ಯವಾಗಿ ಮಗುವಿನ ಹೆಸರು, ಕ್ಲಾಸು ಬರೆಯುವ ಪುಟ್ಟ ಜಾಗದಲ್ಲಿ ಆಕೆ ಬರೆದಿದ್ದರು: 'ಕೂದಲು ಸ್ವಲ್ಪ ಒದ್ದೆ ಇರುವಾಗಲೇ ಹೆಣೆಯಲು ಹೇಳಿ.'

ಹೀಗೆ ಚೂರು ಚೂರಾಗಿ ಕಟ್ಟಿದರೆ ಪ್ರತಿ ಚೂರಿಗೂ ರಸೀದಿ ಹಾಕಬೇಕು, ಪ್ರತಿ ರಸೀದಿಗೂ ಒಂದು ಸಾಲು. ಸಣ್ಣ ಮೇಡಂ ನೋಡಿದರೆ ಹಣೆ ಚಚ್ಚಿಕೊಳ್ಳುತ್ತಾಳೆ.

"ಬಾ ಇಲ್ಲಿ" ಎಂದು ಕಡ್ಡಿಯನ್ನು ಕರೆದು ನನ್ನ ಕುರ್ಚಿಯಲ್ಲಿ ಕೂರಿಸಿದೆ. "ಇನ್ನೊಂದು ರಸೀದಿ ಇದೆ. ಈ ಸಲ ನೀನೇ ಟೈಪ್ ಮಾಡು."